ನೂರಕ್ಕೆ ನಲವತ್ತೈದು

ಬಸ್ಸು ಬರದೇ ಇರಬಹುದಿತ್ತು. ಬಂದ ಬಸ್ಸು ಮಂಚೇನಹಳ್ಳಿ ದಾಟುವಷ್ಟರಲ್ಲಿ ಕೆಟ್ಟು ನಿಲ್ಲಬಹುದಿತ್ತು. ನಾನು ಗೌರಿಬಿದನೂರಿನಿಂದ, ಅಕ್ಕ ಶಿಡ್ಲಘಟ್ಟದಿಂದ ಹೊರಟು ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಸೇರುವುದೆಂದು ಮಾತಾಗಿತ್ತು. ಅವಳಿಗೆ ಸೀಟು ಸಿಗದೆ ದಾರಿಯುದ್ದಕ್ಕೂ ನಿಂತುಕೊಂಡೇ ಬರಬೇಕಾಗಬಹುದಿತ್ತು. ನಾನೊಂದು ಮೂಲೆಯಲ್ಲಿ, ಅವಳೊಂದು ಮೂಲೆಯಲ್ಲಿ ಕಾಯುತ್ತಾ ನಿಂತು, ಅವಳ ಫೋನಿನ ಚಾರ್ಜು ಮುಗಿದಿರಬಹುದಿತ್ತು. ಹಳೆಯ ರಿಪೋರ್ಟಿನ ಕವರು ಬಸ್ಸಿನಲ್ಲೇ ಉಳಿದುಬಿಡಬಹುದಿತ್ತು (ಅದಕ್ಕೇ ಮೂರು ಜೆರಾಕ್ಸ್ ಮಾಡಿಸಿ ಮೂರು ಕಡೆ ಇಟ್ಟುಕೊಂಡಿದ್ದೆ, ಒಂದು ಶರ್ಟಿನ ಒಳಗೆ). ಅವಳ ಹೃದಯದ ಸ್ಕ್ಯಾನು, ಎಕೋ ಅಂತಾರಲ್ಲ, ಅದನ್ನು ಮಾಡುವ ಹೊತ್ತಿಗೆ ಕರೆಂಟು ಹೋಗಬಹುದಿತ್ತು. ಡಾಕ್ಟರು ಮದುವೆಗೆ ಹೋಗಿರಬಹುದಿತ್ತು. ಖಾಲಿ ಹೊಟ್ಟೆಯಲ್ಲಿ ಬರಬೇಕಿತ್ತೋ ಏನೋ. ಬೇಕಾಗಿಲ್ಲ, ತಿಂಡಿ ತಿಂದೇ ಬನ್ನಿ ಎಂದು ಕ್ಲಿನಿಕ್ಕಿನ ಹುಡುಗಿ ಮೂರು ಸಲ ಹೇಳಿದ್ದಳು, ಮೂರನೆಯ ಸಲ ಸ್ವಲ್ಪ ಜೋರಾಗಿಯೇ. ಆದರೂ ಅವಳಿಗೇ ಗೊತ್ತಿಲ್ಲದೆ ಇರಬಹುದಿತ್ತು. ಕೊನೆಯದಾಗಿ, ಎಲ್ಲಾ ಸರಿಯಾಗಿ ನಡೆದು, ಎಕೋ ಆಗಿ, ಕಳೆದ ಸಲ ನಲವತ್ತೈದು ಇದ್ದದ್ದು ಈ ಸಲ ಮೂವತ್ತೈದಕ್ಕೆ ಇಳಿದಿರಬಹುದಿತ್ತು.

ಈ ಕೊನೆಯದನ್ನು ಯೋಚಿಸಿಯೇ ಹಿಂದಿನ ವಾರದಿಂದ ನನ್ನ ಎದೆಯಲ್ಲೂ ಏನೋ ಹಿಡಿದ ಹಾಗಾಗಿತ್ತು. ಅಕ್ಕನನ್ನು ತೋರಿಸಲು ಹೋಗಿ ನಾನೇ ಅಡ್ಮಿಟ್ ಆಗುವ ಸಾಧ್ಯತೆಯನ್ನೂ ಪಟ್ಟಿಗೆ ಸೇರಿಸಿದ್ದೆ.

ನಾನು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ವಯಸ್ಸು ಐವತ್ತೆರಡು. ಇಪ್ಪತ್ತೇಳು ವರ್ಷದಿಂದ ಉತ್ತರ ಪತ್ರಿಕೆಗಳಿಗೆ ಅಂಕ ಹಾಕಿ ಹಾಕಿ, ಯಾವುದಾದರೂ ಅಂಕಿಯ ಮುಂದೆ ಶೇಕಡಾ ಗುರುತು ಕಂಡರೆ ಕೈ ತಾನಾಗಿ ಕೆಂಪು ಪೆನ್ನನ್ನು ಹುಡುಕುತ್ತದೆ. ಮೂವತ್ತೈದು ಬಂದರೆ ಪಾಸು, ಅರವತ್ತಕ್ಕೆ ಫಸ್ಟ್ ಕ್ಲಾಸು, ನಲವತ್ತೈದು ಬಂದವರ ಅಪ್ಪಂದಿರನ್ನು ಕರೆಸಿ ಮಾತಾಡುವುದು. ಈ ಕಸುಬು ಒಂದು ಮನೆಯನ್ನು ಆರು ತಿಂಗಳು ಹೇಗೆ ಕೂಡಿಹಾಕಿತು ಅನ್ನುವುದನ್ನು ಹೇಳಬೇಕು.

ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಶಿಡ್ಲಘಟ್ಟದಲ್ಲಿ ಫಿಲೇಚರ್ ಅಂತೀವಲ್ಲ, ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆ, ಅಂಥದ್ದೊಂದರಲ್ಲಿ ಹದಿನೈದನೇ ವಯಸ್ಸಿನಿಂದ ಕೆಲಸ. ಅಪ್ಪ ಬೇಗ ಹೋದರು. ನನ್ನ ಓದು, ನನ್ನ ಹಾಸ್ಟೆಲ್ಲು, ನನ್ನ ಬಿಎಡ್ಡು, ಎಲ್ಲಾ ಆ ಗೂಡಿನೊಳಗಿಂದ ಎಳೆಎಳೆಯಾಗಿ ಬಂದದ್ದು. ಅವಳ ಮದುವೆ ಆದಮೇಲೂ, ಭಾವ ತೀರಿಕೊಂಡಮೇಲೂ, ಮಗ ಬೆಳೆದು ಗೂಡ್ಸ್ ಆಟೋ ಇಟ್ಟು ಸೊಸೆ ಬಂದಮೇಲೂ ಅವಳು ಅದನ್ನು ಬಿಡಲಿಲ್ಲ. "ಮನೇಲಿ ಕೂತ್ರೆ ಕೈ ಕಡಿಯತ್ತೆ ಕಣೋ" ಅನ್ನುತ್ತಿದ್ದಳು.

ಆರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವಳಿಗೆ ಎದೆನೋವು ಬಂತು. ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೃದಯದ ಒಂದು ರಕ್ತನಾಳ ಮುಚ್ಚಿಕೊಂಡಿತ್ತು, ಸ್ಟೆಂಟ್ ಹಾಕಿದರು. ಮನೆಗೆ ಕಳಿಸುವಾಗ ಕೊಟ್ಟ ಫೈಲಿನಲ್ಲಿ ಎಕೋ ರಿಪೋರ್ಟು ಒಂದು. ಆಸ್ಪತ್ರೆಯ ವರಾಂಡದಲ್ಲಿ ನಿಂತು ಅದನ್ನು ಓದಿದವನು ನಾನು. ಮನೆಯಲ್ಲಿ ಇಂಗ್ಲಿಷ್ ಓದುವವನು ನಾನೊಬ್ಬನೇ ತಾನೆ.

ಎಜೆಕ್ಷನ್ ಫ್ರಾಕ್ಷನ್, ನಲವತ್ತೈದು ಪರ್ಸೆಂಟ್.

ಕೆಳಗೆ ಇನ್ನೂ ಇತ್ತು. ಮೈಟ್ರಲ್ ಅನ್ನುವ ವಾಲ್ವಿನಲ್ಲಿ ಮೈಲ್ಡ್ ರಿಗರ್ಜಿಟೇಷನ್, ಅಂದರೆ ಸೋರಿಕೆ. ಟ್ರೈಕಸ್ಪಿಡ್ ಅನ್ನುವುದರಲ್ಲಿ ಟ್ರಿವಿಯಲ್. ಕೆಳಗಿನ ಗೋಡೆಯ ಚಲನೆ ಕಡಿಮೆ. ಗ್ರೇಡ್ ಒನ್ ಡಯಾಸ್ಟಾಲಿಕ್ ಡಿಸ್‌ಫಂಕ್ಷನ್. ಪುಟದ ಕೊನೆಯಲ್ಲಿ ರಕ್ತದ ಗಡ್ಡೆ ಇಲ್ಲ, ನೀರು ತುಂಬಿಲ್ಲ ಅಂತ ಎರಡು ಒಳ್ಳೆಯ ಮಾತು ಇದ್ದವು. ಅಲ್ಲಿಗೆ ತಲುಪುವ ಮೊದಲೇ ನನ್ನ ಕಣ್ಣು ಕತ್ತಲಾಗಿತ್ತು. ನೂರಕ್ಕೆ ನಲವತ್ತೈದು! ಐವತ್ತೈದು ಎಲ್ಲಿ ಹೋಯಿತು? ಬಾಗಿಲುಗಳು ಬೇರೆ ಸೋರುತ್ತಿವೆ, ಗೋಡೆ ಬೇರೆ ಸರಿಯಿಲ್ಲ. ನನ್ನ ಅಕ್ಕನ ಎದೆಯೊಳಗೆ ಬೀಳಲು ಸಿದ್ಧವಾದ ಒಂದು ಹಳೇ ಮನೆ ಇದೆ ಅಂತಲೇ ನನಗೆ ಕಂಡಿತು. ಅಲ್ಲೇ ನಿಂತು ಫೋನಿನಲ್ಲಿ ಹುಡುಕಿದೆ. ಹುಡುಕಬಾರದಿತ್ತು. ನನ್ನಂಥವನ ಕೈಗೆ ಇಂಟರ್ನೆಟ್ ಕೊಡುವುದು ಅಂದರೆ ಉರಿಯುವ ಒಲೆಗೆ ಸೀಮೆಎಣ್ಣೆ ಡಬ್ಬ ಒರಗಿಸಿದ ಹಾಗೆ.

ಬಿಡುಗಡೆ ಮಾಡುವಾಗ ಡಾಕ್ಟರು ಮಾತ್ರೆ ಬಿಡಬೇಡಿ, ದಿನಾ ನಡೀರಿ, ನಿಧಾನವಾಗಿ ಜಾಸ್ತಿ ಮಾಡಿ ಅಂತ ಹೇಳಿದ್ದರಂತೆ. ಅಕ್ಕನಿಗೆ ನೆನಪಿದೆ. ನನಗೆ ಇಲ್ಲ. ನಾನು ಆಗ ಐವತ್ತೈದನ್ನು ಹುಡುಕುತ್ತಿದ್ದೆ. ಒಂದೂವರೆ ತಿಂಗಳಾದ ಮೇಲೆ ಮತ್ತೆ ಬೆಂಗಳೂರಿಗೆ ಹೋದಾಗ ಅಲ್ಲಿ ಜಾತ್ರೆಯಷ್ಟು ಜನ. ನಮ್ಮ ಸರದಿ ಬಂದಾಗ ನಾನು "ರೆಸ್ಟಲ್ಲಿ ಇರ್ಬೇಕಲ್ವಾ ಸಾರ್" ಅಂತ ಕೇಳಿದೆ. ಬೇರೆ ಫೈಲು ನೋಡುತ್ತಿದ್ದ ಡಾಕ್ಟರು "ಹೂಂ, ಹುಷಾರಾಗಿರಿ" ಅಂದರು. ನನಗೆ ಅಷ್ಟೇ ಬೇಕಿತ್ತು. ಉತ್ತರವನ್ನು ಪ್ರಶ್ನೆಯಲ್ಲೇ ಇಟ್ಟು ಕೇಳುವ ಹುಡುಗರಿಗೆ ನಾನು ಕ್ಲಾಸಿನಲ್ಲಿ ಬೈಯುತ್ತೇನೆ.

ಅಕ್ಕನ ಮನೆಗೆ ಬಂದು ಗೆರೆ ಹಾಕಿದ ಹಾಳೆಯಲ್ಲಿ ಹನ್ನೊಂದು ನಿಯಮ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆ. ಮೆಟ್ಟಿಲು ಹತ್ತುವಂತಿಲ್ಲ. ಕೊಡ ಎತ್ತುವಂತಿಲ್ಲ. ಬಟ್ಟೆ ಒಗೆಯುವಂತಿಲ್ಲ. ಬೀದಿ ಕೊನೆಯ ಅಂಗಡಿ ದಾಟಿ ಹೋಗುವಂತಿಲ್ಲ. ಏಳನೆಯದು, ಕೆಂಪು ಇಂಕಿನಲ್ಲಿ: ಫಿಲೇಚರ್‌ಗೆ ಹೋಗುವಂತಿಲ್ಲ.

ಅಕ್ಕ ಹಾಳೆಯನ್ನು ನೋಡಿ, "ಎಷ್ಟು ದಿನ?" ಅಂತ ಕೇಳಿದಳು.

"ನೋಡಣ" ಅಂದೆ.

ಅವಳು ಬಿಟ್ಟುಕೊಂಡಿದ್ದ ಹಾಳೆಯ ಒಂದು ಮೂಲೆಯನ್ನು ಒತ್ತಿ ಅಂಟಿಸಿ ಒಳಗೆ ಹೋದಳು. ಜಗಳ ಆಡಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ.

ಆಮೇಲೆ ವಾರಕ್ಕೊಮ್ಮೆ ಶಿಡ್ಲಘಟ್ಟಕ್ಕೆ ಹೋಗುತ್ತಿದ್ದೆ. ಹೋದಾಗಲೆಲ್ಲಾ ಅಕ್ಕ ಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಸಂಜೆ ಫಿಲೇಚರ್ ಬಿಟ್ಟ ಹೆಂಗಸರು ನಾಲ್ಕೈದು ಜನ ಆ ಬೀದಿಯಲ್ಲೇ ಹೋಗುತ್ತಾರೆ. ಅವರು ಬರುವ ಹೊತ್ತಿಗೆ ಸರಿಯಾಗಿ ಅವಳು ಅಲ್ಲಿ. "ಏನಕ್ಕಾ, ರಾಣಿ ಥರ ಕೂತ್ಬಿಟ್ಟಿದೀಯ" ಅಂತ ಅವರಲ್ಲಿ ಒಬ್ಬಳು ಹೋಗುತ್ತಾ ಕೂಗುವಳು. "ಬಾರೇ, ನೀನೂ ಕೂತ್ಕೊ, ಗೊತ್ತಾಗತ್ತೆ" ಅನ್ನುವಳು ಇವಳು. ಅವರು ತಿರುವಿನಲ್ಲಿ ಮರೆಯಾದ ಮೇಲೂ ಸ್ವಲ್ಪ ಹೊತ್ತು ಹಾಗೇ ಕೂತಿರುತ್ತಿದ್ದಳು. ಒಂದು ದಿನ ನಾನು ಒಳಗೆ ಬಾ, ಗಾಳಿ ತಣ್ಣಗಿದೆ ಅಂದಾಗ, "ಇರೋ, ವಾಸನೆ ಇನ್ನೂ ಹೋಗಿಲ್ಲ" ಅಂದಳು.

ಬೇಯಿಸಿದ ಗೂಡಿನ ವಾಸನೆ ಗೊತ್ತಿಲ್ಲದವರಿಗೆ ಅದನ್ನು ವಿವರಿಸುವುದು ಕಷ್ಟ. ಸತ್ತ ಹುಳ, ಬಿಸಿನೀರು, ಹಸಿ ರೇಷ್ಮೆ ಸೇರಿದ ಅದು ಸೀರೆಗೆ, ಕೂದಲಿಗೆ, ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಸೀಗೆಕಾಯಿಗೂ ಜಗ್ಗುವುದಿಲ್ಲ. ನಾನು ಚಿಂತಾಮಣಿಯ ಹಾಸ್ಟೆಲ್ಲಿನಲ್ಲಿದ್ದಾಗ ಅಕ್ಕ ಕೆಲಸ ಮುಗಿಸಿ ಅದೇ ಸೀರೆಯಲ್ಲಿ ಬಸ್ಸು ಹತ್ತಿ ನನ್ನನ್ನು ನೋಡಲು ಬರುತ್ತಿದ್ದಳು. ಕೈಯಲ್ಲಿ ಅವರೆಕಾಯಿ ಉಪ್ಪಿಟ್ಟಿನ ಡಬ್ಬ. ನಾನು ಅವಳನ್ನು ರೂಮಿಗೆ ಕರೆದುಕೊಂಡು ಹೋಗುತ್ತಿರಲಿಲ್ಲ. ಗೇಟಿನ ಆಚೆ, ಹುಣಸೆಮರದ ಹತ್ತಿರ, ಗಾಳಿ ಯಾವ ಕಡೆಗೆ ಬೀಸುತ್ತಿದೆ ಅಂತ ನೋಡಿಕೊಂಡು ನಿಲ್ಲಿಸಿ ಮಾತಾಡಿಸುತ್ತಿದ್ದೆ. ಅವಳಿಗೆ ಗೊತ್ತಿತ್ತೋ ಇಲ್ಲವೋ, ಒಂದು ದಿನವೂ ಕೇಳಲಿಲ್ಲ. ಗೌರಿಬಿದನೂರಿನ ನನ್ನ ಮನೆಗೆ ಬಂದು ಹೋದಮೇಲೆ ಅವಳು ಮಲಗಿದ ದಿಂಬಿನಲ್ಲಿ ಎರಡು ದಿನ ಆ ವಾಸನೆ ಇರುತ್ತಿತ್ತು, ನನ್ನ ಹೆಂಡತಿ ಕವರು ಒಗೆಯಲು ಹಾಕುತ್ತಿದ್ದಳು. ಈ ಆರು ತಿಂಗಳಲ್ಲಿ ಅಕ್ಕನನ್ನು ಎರಡು ಸಲ ನಾನೇ ಕರೆತಂದು ವಾಪಸ್ಸು ಬಿಟ್ಟುಬಂದೆ. ಎರಡು ಸಲವೂ ದಿಂಬಿನಲ್ಲಿ ಬರೀ ಸೋಪಿನ ವಾಸನೆ. ಎರಡನೆಯ ಸಲ ನಾನು ಬಾಗಿಲು ಮುಂದೆ ಮಾಡಿಕೊಂಡು, ಐವತ್ತೆರಡು ವರ್ಷದ ಗಂಡಸು, ಆ ದಿಂಬನ್ನು ಮೂಸಿ ಮೂಸಿ ನೋಡಿದೆ.

ಎಕೋಗೆ ಹೋಗುವ ಹಿಂದಿನ ದಿನ ಅಕ್ಕ ಫೋನ್ ಮಾಡಿದಳು.

"ನೀನು ಏನು ಬೇಕಾದ್ರೂ ಕೇಳ್ಕೊ. ನಾನು ಒಂದೇ ಕೇಳೋದು. ಕೆಲಸಕ್ಕೆ ಹೋಗ್ಲಾ ಬೇಡ್ವಾ ಅಂತ. ಫಿಲೇಚರ್ ಸಾಹೇಬ್ರು ನನ್ನ ಜಾಗ ಈ ತಿಂಗಳ ಕೊನೇವರ್ಗೂ ಹಂಗೇ ಇಟ್ಟಿರ್ತೀನಿ ಅಂದವ್ರೆ. ಆಮೇಲೆ ಬೇರೆಯೋರ್ನ ಕೂರಿಸ್ಲೇಬೇಕು, ಅವ್ರಿಗೂ ನೂಲು ಆಗ್ಬೇಕಲ್ಲಪ್ಪ."

"ಅಕ್ಕಾ, ಮೊದ್ಲು ನಂಬರ್ ನೋಡಣ."

"ನಂಬರ್ ನೀನು ನೋಡು. ನಂಗೆ ಹೌದೋ ಅಲ್ವೋ ಹೇಳ್ಬಿಟ್ರೆ ಸಾಕು."

ಇನ್ನು ತಿಂಗಳು ಮುಗಿಯಲು ಒಂಬತ್ತು ದಿನ ಇತ್ತು.

ಬಸ್ಸು ಬಂತು. ಅಕ್ಕನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಫೋನು ಚಾರ್ಜ್ ಇತ್ತು. ಕ್ಲಿನಿಕ್ಕಿನವರೆಗೆ ಆಟೋದಲ್ಲಿ ಹೋಗೋಣ ಅಂದೆ, ಅಕ್ಕ ಎಲ್ಲಿದೆ ಅಂತ ಯಾರನ್ನೋ ಕೇಳಿಕೊಂಡು ಅಷ್ಟರಲ್ಲಿ ಅರ್ಧ ದಾರಿ ನಡೆದಿದ್ದಳು. ಏದುಸಿರು ಬಿಡುತ್ತಾ ಹಿಂದೆ ಹೋದವನು ನಾನು.

ಡಾಕ್ಟರು ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಈ ಕಡೆಯವರೇ ಅಂತ ಮಾತಿನಲ್ಲೇ ಗೊತ್ತಾಯಿತು. ಕನ್ನಡ ಮಾತಾಡುತ್ತಾ ಸಮಾಧಾನ ಹೇಳಬೇಕಾದಾಗ ಮಾತ್ರ ತೆಲುಗಿಗೆ ಜಾರುತ್ತಿದ್ದರು. ಎಕೋ ಕೋಣೆಯಲ್ಲಿ ಮಂದ ಬೆಳಕು, ಒಂದು ಮಂಚ, ಒಂದು ಟಿವಿಯಂಥ ಮೆಷಿನ್ನು, ಒಬ್ಬರು ನರ್ಸು. ನನ್ನನ್ನು ಹೊರಗೆ ಕೂರಲು ಹೇಳಿದರು. ಅಕ್ಕ, "ಒಳಗೇ ಇರ್ಲಿ ಬಿಡಮ್ಮ. ಹೊರಗೆ ಬಿಟ್ರೆ ಅವ್ನಿಗೇ ಏನಾದ್ರೂ ಆಗ್ಬಿಡತ್ತೆ" ಅಂದಳು. ನರ್ಸು ನಗುತ್ತಾ ಪರದೆ ಎಳೆದು, ಈಚೆಗೆ ಒಂದು ಸ್ಟೂಲು ಹಾಕಿದರು. ನನಗೆ ಕಾಣುತ್ತಿದ್ದುದು ಪರದೆ, ಅದರ ಕೆಳಗೆ ಅಕ್ಕನ ಚಪ್ಪಲಿ, ಮೇಲುಗಡೆ ಮೆಷಿನ್ನಿನ ಸ್ಕ್ರೀನಿನ ಒಂದು ಮೂಲೆ.

"ಎಡಗಡೆಗೆ ತಿರುಗಿ ಮಲ್ಕೊಳ್ಳಮ್ಮ. ಜೆಲ್ ತಣ್ಣಗಿರತ್ತೆ, ಬೆಚ್ಚಿಬೀಳಬೇಡಿ."

ಬೆಚ್ಚಿಬಿದ್ದವನು ನಾನು.

ಆ ಮೂಲೆಯಲ್ಲಿ ಬೂದು ಬಣ್ಣದ ಏನೋ ಮುಚ್ಚಿಕೊಳ್ಳುತ್ತಾ ತೆರೆದುಕೊಳ್ಳುತ್ತಾ ಇತ್ತು. ಒಮ್ಮೊಮ್ಮೆ ಕೆಂಪು, ನೀಲಿ ಬಣ್ಣ ಚಿಮ್ಮುತ್ತಿತ್ತು. ಆಮೇಲೆ ಸದ್ದು ಬಂತು: ಫುಸ್, ಫುಸ್, ಫುಸ್, ಎಲ್ಲೋ ಹಬೆ ಬಿಡುವ ಹಾಗೆ.

"ಇದೇನಮ್ಮ, ನಮ್ಮ ಫಿಲೇಚರ್ ಥರ ಸದ್ದು?"

"ನಿಮ್ಮ ರಕ್ತ ಓಡೋ ಸದ್ದು."

"ಓ! ಕೆಲಸ ಮಾಡ್ತಾ ಐತೆ ಹಂಗಾದ್ರೆ" ಅಂದಳು ಅಕ್ಕ. ಅವಳ ದನಿಯಲ್ಲಿ ಏನೋ ಇತ್ತು. ತಾನು ಇಲ್ಲದಿದ್ದರೂ ಮೆಷಿನ್ ನಡೆಯುತ್ತಿದೆ ಅಂತ ಗೇಟಿನಾಚೆ ನಿಂತು ಕೇಳಿಸಿಕೊಂಡವರ ದನಿ.

ಕಾಲು ಗಂಟೆ ಆಗಿರಬೇಕು. ಆಮೇಲೆ ಪಕ್ಕದ ಕೋಣೆಯಲ್ಲಿ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಡಾಕ್ಟರು ಹೊಸ ರಿಪೋರ್ಟನ್ನು ಮೇಜಿನ ಮೇಲಿಟ್ಟರು. ನಾನು ಅದನ್ನು ತಲೆಕೆಳಗಾಗಿಯೇ ಓದಿದೆ. ಐವತ್ತೆರಡು.

"ಏಳು ಜಾಸ್ತಿ ಆಗಿದೆ!" ನನ್ನ ಬಾಯಿಂದ ಬಂದುಬಿಟ್ಟಿತು. ಮರುಕ್ಷಣವೇ ಇನ್ನೂ ನಲವತ್ತೆಂಟು ಕಮ್ಮಿ ಅನ್ನುವುದು ಹೊಳೆಯಿತು. "ಆದ್ರೆ ಡಾಕ್ಟ್ರೇ, ಇನ್ನೂ ಅರ್ಧ ಹೋಗಿರೋದು..."

"ಯಾವ ಅರ್ಧ?"

"ನೂರಕ್ಕೆ ಐವತ್ತೆರಡು ಅಲ್ವಾ?"

ಡಾಕ್ಟರು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಪೆನ್ನು ತೆಗೆದುಕೊಂಡು ಹಾಳೆಯ ಹಿಂದೆ ಹೃದಯದ ಚಿತ್ರ ಬರೆದರು. ನಾಲ್ಕು ಕೋಣೆಯ ಮನೆ ಥರ. ಎಡಗಡೆ ಕೆಳಗಿನ ಕೋಣೆಗೆ ಗುರುತು ಹಾಕಿ ಅದನ್ನು ಅಕ್ಕನ ಕಡೆಗೆ ತಿರುಗಿಸಿದರು, ನನ್ನ ಕಡೆಗಲ್ಲ.

"ನೋಡಿಯಮ್ಮ, ಮೈಗೆಲ್ಲಾ ರಕ್ತ ಕಳಿಸೋದು ಈ ಕೋಣೆ. ಇದು ಬಿಟ್ಕೊಂಡಾಗ ತುಂಬ್ಕೊಳತ್ತೆ, ಹಿಂಡಿದಾಗ ಆಚೆ ಕಳಿಸತ್ತೆ. ತುಂಬ್ಕೊಂಡಿದ್ದು ನೂರು ಅಂತ ಇಟ್ಕೊಳ್ಳಿ. ಒಂದು ಸಲ ಹಿಂಡಿದ್ರೆ ಅದ್ರಲ್ಲಿ ಎಷ್ಟು ಆಚೆ ಹೋಯ್ತು, ಅದೇ ಈ ನಂಬರು. ನನ್ನ ಹಾರ್ಟಲ್ಲೂ ನೂರು ಹೋಗಲ್ಲ, ಓಡೋ ಪಂದ್ಯದಲ್ಲಿ ಗೆದ್ದೋರ ಹಾರ್ಟಲ್ಲೂ ಹೋಗಲ್ಲ. ಅರವತ್ತರ ಸುತ್ತಮುತ್ತ ಇರತ್ತೆ. ಐವತ್ತೈದರ ಮೇಲಿದ್ರೆ ಚೆನ್ನಾಗಿದೆ ಅಂತೀವಿ. ಉಳಿದಿದ್ದು ಒಳಗೇ ಇರತ್ತೆ. ಇರ್ಲೇಬೇಕು."

"ಹಂಗಾದ್ರೆ ಆವತ್ತು ನಲವತ್ತೈದು?"

"ಸ್ವಲ್ಪ ಕಮ್ಮಿ. ಹಾರ್ಟ್ ಅಟ್ಯಾಕ್ ಆದ ಹೊಸದು, ಆ ಕಡೆ ಮಾಂಸ ಪೆಟ್ಟು ತಿಂದು ಮಂಕಾಗಿರತ್ತೆ. ಸತ್ತಿರಲ್ಲ, ಮಂಕಾಗಿರತ್ತೆ. ವಾರ, ತಿಂಗಳು ಹೋದ್ಮೇಲೆ ಎಚ್ಚರ ಆಗತ್ತೆ. ಇವತ್ತು ನೋಡಿದೆ, ಕೆಳಗಿನ ಗೋಡೆ ಇನ್ನೂ ಸ್ವಲ್ಪ ಸೋಮಾರಿ. ಆದ್ರೆ ಅಲ್ಲಾಡ್ತಾ ಇದೆ." ನನ್ನ ಕಡೆ ತಿರುಗಿ, "ಏಳು ಜಾಸ್ತಿ ಅಂತ ತುಂಬಾ ಕುಣೀಬೇಡಿ ಸರ್. ಆವತ್ತು ನೋಡಿದ ಕಣ್ಣು ಬೇರೆ, ಇವತ್ತು ನಂದು. ನಾಲ್ಕೈದು ಆಚೆ ಈಚೆ ಆಗತ್ತೆ. ನಂಗೆ ಖುಷಿ ಆಗಿದ್ದು ಆ ಗೋಡೆ ನೋಡಿ" ಅಂದರು.

ಅಕ್ಕ ಚಿತ್ರವನ್ನೇ ನೋಡುತ್ತಿದ್ದಳು. "ಇದು ಗೂಡಿನ ಲೆಕ್ಕ" ಅಂದಳು.

"ಏನಮ್ಮ?"

"ರೈತ್ರು ಗೂಡು ತರ್ತಾರಲ್ಲಮ್ಮ, ಅದನ್ನ ಕುಯ್ದು ಹುಳ ತೆಗೆದು ಮೇಲಿನ ಪೊರೆ ಮಾತ್ರ ತೂಗ್ತಾರೆ. ನೂರು ಗ್ರಾಂ ಗೂಡಿಗೆ ಪೊರೆ ಇಪ್ಪತ್ತು ಗ್ರಾಂ ಬಂತು ಅಂದ್ರೆ ಆ ಗೂಡಿಗೆ ಕಿತ್ತಾಡ್ತಾರೆ. ಮಿಕ್ಕಿದ್ದೆಲ್ಲಾ ಎಲ್ಲೋಯ್ತು ಅಂತ ಯಾರೂ ಕೇಳಲ್ಲ. ಹುಳ ಇಲ್ದೆ ಗೂಡು ಎಲ್ಲಿಂದ ಬರತ್ತೆ?"

"ಬಂಗಾರದಂಗೆ ಹೇಳಿದ್ರಿ!" ಅಂದರು ಡಾಕ್ಟರು. "ಇನ್ಮೇಲೆ ನಿಮ್ಮೂರಿಂದ ಬಂದೋರಿಗೆ ನಾನು ಇದೇ ಹೇಳ್ತೀನಿ."

ನಲವತ್ತೈದು ವರ್ಷ ಗೂಡು ಬಿಚ್ಚಿದವಳು ಅರ್ಧ ನಿಮಿಷದಲ್ಲಿ ಹಿಡಿದದ್ದನ್ನು ಲೆಕ್ಕದ ಮೇಷ್ಟ್ರು ಆರು ತಿಂಗಳು ಹಿಡಿಯಲಿಲ್ಲ. ನಾನು ಸುಮ್ಮನಿರಬೇಕಿತ್ತು. "ಮತ್ತೆ ವಾಲ್ವ್ ಸೋರ್ತಿದೆಯಲ್ಲ ಡಾಕ್ಟ್ರೇ, ಎರಡೆರಡು" ಅಂದೆ.

"ವಾಲ್ವ್ ಅಂದ್ರೆ ಬಾಗಿಲು. ರಕ್ತ ಮುಂದಕ್ಕೆ ಹೋಗಿ ಹಿಂದಕ್ಕೆ ಬರಬಾರ್ದು ಅಂತ ಒಂದೇ ಕಡೆಗೆ ತೆಗೆಯೋ ಬಾಗಿಲು. ನಿಮ್ಮ ತೋಟದ ಬಾವಿ ಪಂಪಿಗೆ ಫುಟ್ ವಾಲ್ವ್ ಇರತ್ತಲ್ಲ, ಹಂಗೆ. ವಾಷರ್ ಪೂರ್ತಿ ಹೋದ್ರೆ ಪೈಪಲ್ಲಿ ನೀರೇ ನಿಲ್ಲಲ್ಲ. ಅದು ಸಿವಿಯರ್ ಲೀಕು. ಇವರದ್ದು ಮೈಲ್ಡು, ಮುಚ್ಕೊಂಡಾಗ ಸಂದಿಯಲ್ಲಿ ಒಂಚೂರು ಹಿಂದಕ್ಕೆ ಜಿನುಗತ್ತೆ. ವರ್ಷಕ್ಕೊಂದು ಸಲ ನೋಡ್ಕೊಂಡಿರೋದು, ಅಷ್ಟೇ. ಇನ್ನೊಂದು ಟ್ರಿವಿಯಲ್ ಅಂತ ಇದೆ, ಅದನ್ನ ಕಾಯಿಲೆ ಅಂತ ನಾವು ಲೆಕ್ಕಕ್ಕೇ ಹಿಡಿಯಲ್ಲ. ಚೆನ್ನಾಗಿರೋರಲ್ಲೂ ಎಷ್ಟೋ ಜನಕ್ಕೆ ಇರತ್ತೆ. ನಿಮಗೂ ಇರಬಹುದು."

ನನ್ನ ಕೈ ಎದೆಗೆ ಹೋಯಿತು.

"ಅವ್ನಿಗೆ ಯಾಕಮ್ಮ ಹೇಳ್ತೀರ" ಅಂದಳು ಅಕ್ಕ. "ಇವತ್ತೇ ಮಲ್ಕೊಂಡ್ಬಿಡ್ತಾನೆ."

"ಈ ಗ್ರೇಡ್ ಒನ್?" ಬಿಡದೆ ಕೇಳಿದೆ.

"ಹಿಂಡೋದು ಒಂದು ಕೆಲಸ, ಬಿಟ್ಕೊಳ್ಳೋದು ಇನ್ನೊಂದು. ಬಿಟ್ಕೊಳ್ಳೋದು ಸ್ವಲ್ಪ ನಿಧಾನ ಆಗಿದೆ. ವಯಸ್ಸಾದ್ರೆ, ಬಿಪಿ ಇದ್ರೆ ಆಗತ್ತೆ. ಬಿಪಿ ಮಾತ್ರೆ ತಪ್ಪಿಸಬಾರ್ದು." ಅವರು ಪೆನ್ನಿನ ಮುಚ್ಚಳ ಹಾಕಿದರು. "ಪರವಾಲೇದಮ್ಮಾ. ಚೆನ್ನಾಗಿದೀರಿ. ದಿನಾ ಏನು ಕೆಲಸ ಮಾಡ್ಕೊಂಡಿದೀರಿ ಈಗ?"

"ಏನಿಲ್ಲಮ್ಮ. ಕೂತಿದೀನಿ."

"ಆರು ತಿಂಗಳಿಂದಾನಾ? ವಾಕಿಂಗು?"

"ಅಂಗಡಿವರ್ಗೂ."

"ಯಾಕಮ್ಮ? ಯಾರು ಬೇಡ ಅಂದಿದ್ದು?"

ಅಕ್ಕ ಒಮ್ಮೆ ಸೆರಗು ಸರಿಮಾಡಿಕೊಂಡಳು. "ಯಾರೂ ಇಲ್ಲ. ನಾನೇ, ಹಂಗೇ ಸುಮ್ನೆ. ಸೋಮಾರಿತನ" ಅಂದಳು.

ಹುಟ್ಟಿದಾಗಿನಿಂದ ಒಂದು ದಿನ ಸೋಮಾರಿಯಾಗಿರದ ಹೆಂಗಸು. ನಾನು ತಲೆ ಎತ್ತಲಾಗದೆ ಫೋನು ತೆಗೆದು, ಫ್ರಿಜ್ಜಿನ ಮೇಲಿನ ಹಾಳೆಯ ಫೋಟೋ ತೋರಿಸಿದೆ. ಅದನ್ನೂ ಫೋಟೋ ತೆಗೆದಿಟ್ಟುಕೊಂಡಿದ್ದೆ, ಹಾಳೆ ಬಿದ್ದುಹೋದರೆ ಇರಲಿ ಅಂತ. "ನಾನು ಡಾಕ್ಟ್ರೇ. ನಲವತ್ತೈದನ್ನ ಮಾರ್ಕ್ಸ್ ಅಂತ ಓದ್ಕೊಂಡ್ಬಿಟ್ಟೆ."

ಬೈಯುತ್ತಾರೆ ಅಂದುಕೊಂಡೆ. ಅವರು ಹನ್ನೊಂದು ನಿಯಮವನ್ನೂ ಬೆರಳಿನಿಂದ ದೊಡ್ಡದು ಮಾಡಿಕೊಂಡು ಓದಿದರು. "ಅಕ್ಷರ ಚೆನ್ನಾಗಿದೆ" ಅಂದರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಅಕ್ಕ ಅಷ್ಟರಲ್ಲಿ ಮೇಜಿನ ಅಂಚು ಹಿಡಿದುಕೊಂಡು ಮುಂದಕ್ಕೆ ಬಗ್ಗಿದ್ದಳು. "ಅಮ್ಮಾ, ನಾನು ಒಂದೇ ಕೇಳ್ತೀನಿ. ಫಿಲೇಚರ್‌ಗೆ ಹೋಗ್ಲಾ?"

ಡಾಕ್ಟರು ತಕ್ಷಣ ಹೂಂ ಅನ್ನಲಿಲ್ಲ. ಕೂತು ಮಾಡುವ ಕೆಲಸವೋ ನಿಂತೋ ಅಂತ ಕೇಳಿದರು. ಭಾರ ಏನು ಎತ್ತುತ್ತೀರಿ? ಒಲೆ ಎಲ್ಲಿದೆ, ಹೊಗೆ ಎಷ್ಟು? ನಡೆದರೆ ಎದೆ ಹಿಡಿಯುತ್ತದಾ, ಮಲಗಿದರೆ ಉಸಿರು ಕಟ್ಟುತ್ತದಾ, ಕಾಲು ಊದುತ್ತದಾ? ಅಕ್ಕ ಒಂದೊಂದಕ್ಕೂ ಉತ್ತರ ಕೊಟ್ಟಳು. ಇಷ್ಟು ಗಮನವಿಟ್ಟು ಪರೀಕ್ಷೆ ಬರೆಯುವವರನ್ನು ನಾನು ನನ್ನ ಸರ್ವೀಸಿನಲ್ಲಿ ನೋಡಿಲ್ಲ. ಆಮೇಲೆ ಡಾಕ್ಟರು ನಡೆಯುವಾಗ ಹೃದಯ ಹೇಗೆ ತಡೆದುಕೊಳ್ಳುತ್ತದೆ ಅಂತ ನೋಡುವ ಪರೀಕ್ಷೆಯೊಂದಿದೆ, ಇವತ್ತೇ ಮಾಡಿಬಿಡೋಣ ಅಂತ ಅಕ್ಕನನ್ನು ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ಹತ್ತಿಸಿದರು. ಎದೆಗೆ ತಂತಿ ಅಂಟಿಸಿಕೊಂಡು ಅವಳು ಏಳು ನಿಮಿಷ ನಡೆದಳು. ನರ್ಸು "ಸಾಕಾ ಅಜ್ಜಿ?" ಅಂದರೆ "ಇದು ಎಲ್ಲಿಗೂ ಹೋಗಲ್ವಲ್ಲೇ" ಅಂತ ನಗುತ್ತಿದ್ದಳು.

ತಿರುಗಿ ಬಂದು ಕೂತಮೇಲೆ, ನಡೆದಾಗಲೂ ಏನೂ ತೊಂದರೆ ಕಾಣಲಿಲ್ಲ ಅಂತ ಡಾಕ್ಟರು ಹೇಳಿದರು. ಮೊದಲು ದಿನಕ್ಕೆ ಎರಡು ಗಂಟೆ, ಹದಿನೈದು ದಿನ ಆದಮೇಲೆ ಅರ್ಧ ದಿನ. ಕೂತು ಮಾಡುವ ಕೆಲಸ ಮಾತ್ರ. ಗೂಡಿನ ಮೂಟೆ, ನೀರಿನ ಬಕೆಟ್ಟು ಮುಟ್ಟಬಾರದು. ಒಲೆಯ ಹೊಗೆಯಿಂದ ದೂರದ ಜಾಗ ಕೇಳಿಕೊಳ್ಳಬೇಕು. ಎದೆ ಬಿಗಿದರೆ, ಏದುಸಿರು ಬಂದರೆ ಎದ್ದು ಬರಬೇಕು, ಒಂದು ಎಳೆ ಮುಗಿಸಿ ಬರ್ತೀನಿ ಅನ್ನಬಾರದು. ಮಾತ್ರೆ ಒಂದೂ ತಪ್ಪಬಾರದು.

"ಹೋಗ್ಬೋದು ಅಂತ ತಾನೇ?"

"ಹೋಗಿಯಮ್ಮ."

ಅಕ್ಕ ಕೈ ಮುಗಿಯಲಿಲ್ಲ, ಅಳಲಿಲ್ಲ. ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು, ಆಗಲೇ ಕೆಲಸಕ್ಕೆ ಹೊತ್ತಾಗಿಹೋದ ಹಾಗೆ.

ಬಸ್ ಸ್ಟ್ಯಾಂಡಿನ ಹತ್ತಿರ ಕಾಫಿ ಕುಡಿಯಲು ಕೂತೆವು. ನಾನು ಲೋಟವನ್ನು ತಿರುಗಿಸುತ್ತಾ ಕೂತಿದ್ದೆ. ಕ್ಷಮೆ ಕೇಳುವುದು ನಮ್ಮ ಮನೆಯಲ್ಲಿ ರೂಢಿಯಿಲ್ಲ. ಯಾರಾದರೂ ಕೇಳಿದರೆ ಉಳಿದವರಿಗೆ ಮುಜುಗರ.

"ಅಕ್ಕಾ, ನೀನು ಒಂದು ಮಾತು ಜಗಳ ಆಡ್ಬೋದಿತ್ತಲ್ಲ."

"ನಿನ್ನ ಹತ್ರಾನಾ?" ಅವಳು ಕಾಫಿ ಆರಿಸಿಕೊಂಡಳು. "ನೀನು ಓದ್ದೋನು. ನೀನು ಹೇಳಿದ್ದು ತಪ್ಪಿರ್ಬೋದು ಅಂತ ನಂಗೆ ಹೊಳೀಲೇ ಇಲ್ಲ ಕಣೋ. ಓದಿಸಿದ್ದು ಅದಕ್ಕೇ ಅಲ್ವಾ?"

ಅದನ್ನು ಅವಳು ಕುಟುಕಲು ಹೇಳಲಿಲ್ಲ. ನನ್ನ ಬಗ್ಗೆ ಅವಳಿಗಿದ್ದ ಹೆಮ್ಮೆಯ ಮಾತು ಅದು.

ಲೋಟ ಕೆಳಗಿಟ್ಟು ಅವಳೇ ಹೇಳಿದಳು. ಮಧ್ಯಾಹ್ನ ಮಲಗಿದಾಗ ಕೈ ತಾನಾಗಿ ಆಡುತ್ತಿತ್ತಂತೆ, ಎಳೆ ಹಿಡಿದು ಎಸೆದ ಹಾಗೆ. ಸೊಸೆ ನೋಡಿ ಹೆದರಿ, ನರದ ಕಾಯಿಲೆಯೇನೋ ಅಂತ ನನಗೆ ಫೋನ್ ಮಾಡಲು ಹೊರಟಿದ್ದಳಂತೆ. "ಬೇಡ ಕಣೇ, ಅವ್ನಿಗೆ ಹೇಳಿದ್ರೆ ಹನ್ನೆರಡನೇದು ಬರೀತಾನೆ ಅಂದೆ." ಅವಳು ನಗುತ್ತಿದ್ದಳು. "ಚೆನ್ನಾಗಿ ಬೆಂದ ಗೂಡು ಇರತ್ತಲ್ಲ, ಅದ್ರ ತುದಿ ಸಿಕ್ತು ಅಂದ್ರೆ ಕೊನೇವರ್ಗೂ ಒಂದೇ ಎಳೆ ಕಣೋ, ಎಲ್ಲೂ ಕಡಿಯಲ್ಲ. ಹಂಗೇ ನೋಡ್ತಾ ಇರ್ಬೇಕು ಅನ್ಸತ್ತೆ. ಟಿವಿಲಿ ಅಂಥದ್ದು ಏನೈತೆ?"

ಇಷ್ಟು ವರ್ಷ ಆ ಕೆಲಸ ಅವಳು ನನಗಾಗಿ ಹೊತ್ತ ಕಷ್ಟ ಅಂತಲೇ ತಿಳಿದಿದ್ದೆ. ನನ್ನ ಋಣದ ಲೆಕ್ಕದಲ್ಲಿ ಅವಳ ಇಷ್ಟಕ್ಕೆ ಒಂದು ಸಾಲೂ ಇರಲಿಲ್ಲ. ಆ ಹುಣಸೆಮರದ ಕೆಳಗೆ ನಿಂತ ಹುಡುಗಿಯನ್ನು ಒಂದು ಸಲ, ಒಂದೇ ಒಂದು ಸಲ, ಇವತ್ತು ಏನು ಬಿಚ್ಚಿದೆ ಅಕ್ಕಾ, ಹೇಗಿತ್ತು ಗೂಡು ಅಂತ ಕೇಳಬೇಕು ಅನ್ನಿಸಿತು. ಕೇಳಲು ಅವಳಿಲ್ಲ. ಎದುರಿಗೆ ಅರವತ್ತರ ಹೆಂಗಸೊಬ್ಬಳು ಬಸ್ಸಿನ ಬೋರ್ಡು ನೋಡುತ್ತಿದ್ದಾಳೆ.

ಸೋಮವಾರ ರಜೆ ಹಾಕಿದೆ. ಸ್ಕೂಲಿನಲ್ಲಿ ಕಾರಣ ಏನೋ ಹೇಳಿದೆ. ಬೆಳಿಗ್ಗೆ ಒಂಬತ್ತಕ್ಕೆ ಅಕ್ಕನ ಜೊತೆ ಫಿಲೇಚರ್ ಬಾಗಿಲಿಗೆ ಹೋದೆ. ಜೇಬಿನಲ್ಲಿ ನಾಲಿಗೆ ಕೆಳಗಿಡುವ ಮಾತ್ರೆ, ಡಾಕ್ಟರ ನಂಬರು. ಅವಳ ಮಗನ ಆಟೋ ಹತ್ತಿರದಲ್ಲೇ ನಿಂತಿರುವ ಏರ್ಪಾಡು. ಸಾಹೇಬರು ಅವಳಿಗೆ ಒಲೆಯಿಂದ ದೂರ, ಕಿಟಕಿ ಪಕ್ಕದ ಜಾಗ ಬಿಡಿಸಿಟ್ಟಿದ್ದರು. ಹೆಂಗಸರು ಹೋ ಅಂತ ಕೂಗಿದರು. ಅಕ್ಕ ಯಾರಿಗೂ ಉತ್ತರ ಕೊಡದೆ ಸೀರೆ ಎತ್ತಿ ಕಟ್ಟಿ ಕೂತುಬಿಟ್ಟಳು. ನಾನು ಎದುರಿನ ಜಗಲಿಯ ಮೇಲೆ ಕೂತು ಎರಡು ಗಂಟೆ ಗಡಿಯಾರ ನೋಡಿದೆ. ಅವಳಿಗೆ ಏದುಸಿರು ಬರಬಹುದಿತ್ತು, ತಲೆ ತಿರುಗಬಹುದಿತ್ತು, ಆ ಶೆಖೆಗೆ ಬಿಪಿ ಇಳಿಯಬಹುದಿತ್ತು, ಜಾರಿ ಬೀಳಬಹುದಿತ್ತು.

ಹನ್ನೊಂದಕ್ಕೆ ಸರಿಯಾಗಿ ಎದ್ದು ಬಂದಳು. ಮುಖ ತುಂಬಾ ಬೆವರು, ಉಸಿರು ನಿರಾಳ. ಎದೆ ಹೇಗಿದೆ ಅಂತ ಕೇಳಿದೆ. ಎದೆಗೇನಾಗಿದೆ ಅಂದಳು. ಆಮೇಲೆ ಬಲಗೈಯನ್ನು ಮುಂದೆ ಚಾಚಿ, ಏನೋ ಸೋಜಿಗ ಕಂಡವಳ ಹಾಗೆ ತನ್ನ ಬೆರಳನ್ನು ತಾನೇ ನೋಡಿಕೊಂಡಳು. ನಲವತ್ತೈದು ವರ್ಷ ಗೂಡು ಬೇಯುವ ಬಿಸಿನೀರಿನಲ್ಲಿ ಅದ್ದಿ ಅದ್ದಿ ಸುಡುವುದನ್ನೇ ಮರೆತಿದ್ದ ಬೆರಳು. ಆರು ತಿಂಗಳು ಮನೆಯಲ್ಲಿ ಕೂತು ಮೆತ್ತಗಾಗಿಬಿಟ್ಟಿತ್ತು.

"ನೋಡೋ" ಅಂದಳು.

ತೋರುಬೆರಳಿನ ತುದಿಯಲ್ಲಿ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು, ಒಂದು ನೀರುಗುಳ್ಳೆ.